ಮೈಸೂರಿನ ಟ್ಯಾಬ್, ಡಬ್ಲಿನ್‌ನ ಸ್ವಿಚ್: ಮೈನ್‌ಕ್ರಾಫ್ಟ್‌ನಲ್ಲಿ ಮಕ್ಕಳು ಯಾಕೆ ಒಟ್ಟಿಗೆ ಸೇರಲಾಗುವುದಿಲ್ಲ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ 11 ವರ್ಷದ ಹುಡುಗಿ. ಅವಳ ಕೈಯಲ್ಲಿ ಅಮ್ಮ ಕೊಡಿಸಿದ ಆಂಡ್ರಾಯ್ಡ್ ಟ್ಯಾಬ್. ಡಬ್ಲಿನ್‌ನಲ್ಲಿ ಅವಳ ದೊಡ್ಡಮ್ಮನ ಮಗ, 14 ವರ್ಷದವನು. ಅವನ ಹತ್ತಿರ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ ಇದೆ. ಇಬ್ಬರಿಗೂ ಮೈನ್‌ಕ್ರಾಫ್ಟ್ ಅಂದ್ರೆ ಪ್ರಾಣ. ದಸರಾ ರಜೆಯ ಒಂದು ಶನಿವಾರ ಸಂಜೆ ಏಳಕ್ಕೆ ಒಟ್ಟಿಗೆ ಆಡೋಣ ಎಂದು ಮಾತಾಡಿಕೊಂಡಿದ್ದಾರೆ. ಡಬ್ಲಿನ್‌ನಲ್ಲಿ ಆಗ ಮಧ್ಯಾಹ್ನ ಎರಡೂವರೆ. ಇಬ್ಬರ ಮನೆಯಲ್ಲೂ ವೈಫೈ ಚೆನ್ನಾಗಿದೆ. ಇಬ್ಬರ ಆಟವೂ ಅಪ್‌ಡೇಟ್ ಆಗಿದೆ. ಆದರೆ ಹುಡುಗಿಯ ಪರದೆ ಮೇಲೆ ಈ ಸಾಲು ಬರುತ್ತದೆ:

```
You cannot play online multiplayer because of how
your Microsoft account is set up.
```

ಹುಡುಗನ ಪರದೆಯಲ್ಲಿ ತಪ್ಪಿನ ಸಂದೇಶವೇ ಇಲ್ಲ. ಆದರೆ ಫ್ರೆಂಡ್ಸ್ ಪಟ್ಟಿ ಖಾಲಿ. ಅವನು ಕಳಿಸಿದ ಆಹ್ವಾನ ಅವಳಿಗೆ ತಲುಪಿಲ್ಲ. ಅಮ್ಮ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆಟ ಅಳಿಸಿ ಮತ್ತೆ ಹಾಕುತ್ತಾರೆ. ಒಂದು ಗಂಟೆ ಹೀಗೇ ಹೋಗುತ್ತದೆ. ರೂಟರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ತಡೆ ಇರುವುದು ಖಾತೆಯಲ್ಲಿ.

ಇಂಥ ಕಡೆ ಪೋಷಕರು ಹೆಚ್ಚಾಗಿ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಅದಕ್ಕೆ ಅವರನ್ನು ದೂರುವ ಹಾಗಿಲ್ಲ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಪರದೆ ಸರಿಯಾಗಿ ಹೇಳುವುದೇ ಇಲ್ಲ. ಹಾಗಾಗಿ ಇದೇ ಇಬ್ಬರು ಮಕ್ಕಳನ್ನು ಹಿಡಿದುಕೊಂಡು, ಬಾಗಿಲು ಒಂದೊಂದಾಗಿ ತೆರೆಯುತ್ತಾ ಹೋಗೋಣ.

ಎರಡು ಬೇರೆ ಯಂತ್ರ ಭೇಟಿಯಾಗುವುದು ಎಲ್ಲಿ?

ಮೈನ್‌ಕ್ರಾಫ್ಟ್‌ನಲ್ಲಿ ಎರಡು ಬಗೆ ಇದೆ. ಒಂದು ಜಾವಾ, ಇನ್ನೊಂದು ಬೆಡ್‌ರಾಕ್. ಮೊಬೈಲ್, ಟ್ಯಾಬ್, ಎಕ್ಸ್‌ಬಾಕ್ಸ್, ಸ್ವಿಚ್, ಪ್ಲೇಸ್ಟೇಷನ್ ಎಲ್ಲದರಲ್ಲೂ ಇರುವುದು ಬೆಡ್‌ರಾಕ್. ವಿಂಡೋಸ್ ಕಂಪ್ಯೂಟರ್‌ನಲ್ಲಿ ಎರಡೂ ಸಿಗುತ್ತವೆ. ಜಾವಾದಲ್ಲಿ ಆಡುವವರು ಬೆಡ್‌ರಾಕ್‌ನವರ ಜಗತ್ತಿಗೆ ನೇರವಾಗಿ ಬರಲು ಆಗುವುದಿಲ್ಲ. ನಮ್ಮ ಇಬ್ಬರೂ ಬೆಡ್‌ರಾಕ್‌ನವರೇ, ಹಾಗಾಗಿ ಆ ಚಿಂತೆ ಇಲ್ಲ.

ಬೆಡ್‌ರಾಕ್‌ನಲ್ಲಿ ಬೇರೆ ಬೇರೆ ಯಂತ್ರದವರು ಒಟ್ಟಿಗೆ ಆಡುವುದು ಶುರುವಾದದ್ದು 2017ರ ಸೆಪ್ಟೆಂಬರ್‌ನಲ್ಲಿ. ಮೊದಲು ಬಂದವು ಮೊಬೈಲ್, ವಿಂಡೋಸ್ 10 ಮತ್ತು ಎಕ್ಸ್‌ಬಾಕ್ಸ್. ಸ್ವಿಚ್ ಸೇರಿದ್ದು 2018ರ ಜೂನ್‌ನಲ್ಲಿ. ಪ್ಲೇಸ್ಟೇಷನ್ 4 ಸೇರಿದ್ದು 2019ರ ಡಿಸೆಂಬರ್‌ನಲ್ಲಿ.

ಈಗ ಯೋಚಿಸಿ. ನಿಂಟೆಂಡೊ ಖಾತೆಗೆ ಗೂಗಲ್ ಖಾತೆಯ ಪರಿಚಯ ಇಲ್ಲ. ಗೂಗಲ್‌ಗೆ ಪ್ಲೇಸ್ಟೇಷನ್ ಪರಿಚಯ ಇಲ್ಲ. ಒಬ್ಬರನ್ನೊಬ್ಬರು ಗುರುತು ಹಿಡಿಯಬೇಕು ಅಂದ್ರೆ ಎಲ್ಲರಿಗೂ ಒಂದೇ ಕಡೆ ಹೆಸರು ದಾಖಲಾಗಿರಬೇಕು. ಆ ಕಡೆಯೇ ಮೈಕ್ರೋಸಾಫ್ಟ್ ಖಾತೆ. ಅದರಲ್ಲಿ ಆಟಗಾರರಿಗೆ ಸಿಗುವ ಹೆಸರು ಗೇಮರ್‌ಟ್ಯಾಗ್. ಸ್ವಿಚ್‌ನಲ್ಲಿ ಆಡಿದರೂ, ಟ್ಯಾಬ್‌ನಲ್ಲಿ ಆಡಿದರೂ ಎದುರಿನವರ ಫ್ರೆಂಡ್ಸ್ ಪಟ್ಟಿಯಲ್ಲಿ ಕಾಣುವುದು ಈ ಗೇಮರ್‌ಟ್ಯಾಗೇ.

ಆದ್ದರಿಂದ ಆಟ ಕೇಳುವ ಪ್ರಶ್ನೆ ಎರಡು. ನೀನು ಯಾರು? ನಿನಗೆ ಅನುಮತಿ ಇದೆಯಾ? ಮೊದಲನೆಯದಕ್ಕೆ ಉತ್ತರ ಖಾತೆ ಲಿಂಕ್ ಮಾಡುವುದರಲ್ಲಿ ಇದೆ. ಎರಡನೆಯದಕ್ಕೆ ಉತ್ತರ ಪ್ರೈವೆಸಿ ಮತ್ತು ಫ್ಯಾಮಿಲಿ ಸೆಟ್ಟಿಂಗ್‌ಗಳಲ್ಲಿ ಇದೆ. ಈ ಎರಡನ್ನು ಬೇರೆ ಬೇರೆ ಇಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಲಿಂಕ್ ಮಾಡುವಾಗ ಆಗುವ ತಪ್ಪು

ಮೊದಲು ಮೈಸೂರಿನ ಟ್ಯಾಬ್. ಅಮ್ಮ ಹೇಳುತ್ತಾರೆ, "ಲಾಗಿನ್ ಆಗಿದೆಯಲ್ಲ, ಪ್ಲೇ ಸ್ಟೋರ್‌ನಿಂದಲೇ ತಾನೇ ಕೊಂಡಿದ್ದು?" ಅದು ನಿಜ. ಆದರೆ ಅದು ಗೂಗಲ್ ಖಾತೆ. ಆಟಕ್ಕೆ ದುಡ್ಡು ಕೊಟ್ಟಿರುವುದಕ್ಕೆ ಅದು ಸಾಕ್ಷಿ, ಅಷ್ಟೇ. ಮೈನ್‌ಕ್ರಾಫ್ಟ್ ತೆರೆದಾಗ ಮೊದಲ ಪುಟದಲ್ಲೇ `Sign In` ಎಂಬ ಗುಂಡಿ ಕಾಣುತ್ತಿದ್ದರೆ ಹುಡುಗಿ ಇನ್ನೂ ಮೈಕ್ರೋಸಾಫ್ಟ್ ಖಾತೆಯೊಳಗೆ ಹೋಗಿಲ್ಲ ಎಂದರ್ಥ. ಒಬ್ಬಳೇ ಆಡಲು ಖಾತೆ ಬೇಕಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಆಡಿದರೂ ಇದು ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಹುಡುಗಿ ಮಾತ್ರ ಒಳಗೆ ಹೋಗಿದ್ದಾಳೆ. ಅದು ಹೇಗೆ ಗೊತ್ತು? ಅವಳ ಸಂದೇಶವೇ "ನಿಮ್ಮ ಮೈಕ್ರೋಸಾಫ್ಟ್ ಖಾತೆಯನ್ನು ಹೀಗೆ ಇಟ್ಟಿರುವುದರಿಂದ ಆಗುವುದಿಲ್ಲ" ಎನ್ನುತ್ತಿದೆ. ಅಂದರೆ ಅವಳು ಯಾರು ಎಂಬುದು ಆಟಕ್ಕೆ ಗೊತ್ತಾಗಿದೆ. ಸಮಸ್ಯೆ ಇರುವುದು ಅನುಮತಿಯಲ್ಲಿ. ಈ ಸಂದೇಶ ಓದಿ ಗಾಬರಿಯಾಗಬೇಡಿ. ಮೊದಲ ಬಾಗಿಲು ದಾಟಿದ್ದೀರಿ ಎಂದು ಹೇಳುವ ಸಂದೇಶ ಅದು.

ಡಬ್ಲಿನ್‌ನ ಹುಡುಗನದು ಬೇರೆ ಕಥೆ. ಸ್ವಿಚ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಸೇರುವ ದಾರಿ ಸ್ವಲ್ಪ ಸುತ್ತು. ಆಟದಲ್ಲಿ ಸೈನ್ ಇನ್ ಒತ್ತಿದರೆ ಪರದೆ ಮೇಲೆ ಒಂದು ಕೋಡ್ ಬರುತ್ತದೆ. ಜೊತೆಗೆ ಒಂದು ವಿಳಾಸ:

```
https://aka.ms/remoteconnect
```

ಮೊಬೈಲ್ ಅಥವಾ ಕಂಪ್ಯೂಟರ್‌ನಲ್ಲಿ ಆ ವಿಳಾಸ ತೆರೆದು, ಕೋಡ್ ಹಾಕಿ, ಅಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ ಸ್ವಿಚ್‌ನಲ್ಲಿ ಆಟ ತಾನಾಗಿ ಮುಂದಕ್ಕೆ ಹೋಗುತ್ತದೆ. ಕೇಳಲು ಸುಲಭ. ಆದರೆ ಜಾಸ್ತಿ ತಪ್ಪು ಆಗುವುದು ಇಲ್ಲೇ. ಹುಡುಗ ಅಪ್ಪನ ಲ್ಯಾಪ್‌ಟಾಪ್ ತೆಗೆದುಕೊಂಡು ಕೋಡ್ ಹಾಕುತ್ತಾನೆ. ಆ ಬ್ರೌಸರ್‌ನಲ್ಲಿ ಅಪ್ಪನ ಮೈಕ್ರೋಸಾಫ್ಟ್ ಖಾತೆ ಆಗಲೇ ತೆರೆದಿರುತ್ತದೆ. ಪುಟ ಪಾಸ್‌ವರ್ಡ್ ಕೇಳುವುದೇ ಇಲ್ಲ. "ಮುಂದುವರಿಸಲೇ?" ಅನ್ನುತ್ತದೆ, ಹುಡುಗ ಹೂಂ ಅನ್ನುತ್ತಾನೆ. ಈಗ ಸ್ವಿಚ್‌ನಲ್ಲಿ ಆಡುತ್ತಿರುವವನು ಮಗ, ಆದರೆ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅವನು ಅಪ್ಪ! ಮೈಸೂರಿನ ತಂಗಿ ಸೇರಿಸಿಕೊಂಡಿದ್ದು ಮಗನ ಗೇಮರ್‌ಟ್ಯಾಗ್. ಆ ಹೆಸರಿನಲ್ಲಿ ಯಾರೂ ಆನ್‌ಲೈನ್ ಬಂದೇ ಇಲ್ಲ. ಅವನ ಪಟ್ಟಿ ಖಾಲಿ ಕಂಡದ್ದು ಅದಕ್ಕೇ. ತಪ್ಪಿನ ಸಂದೇಶ ಬರದೇ ಇದ್ದದ್ದೂ ಅದಕ್ಕೇ. ಯಂತ್ರದ ಮಟ್ಟಿಗೆ ಎಲ್ಲ ಸರಿಯಾಗಿಯೇ ನಡೆದಿದೆ.

ಅಪ್ಪನದು ಆಫೀಸಿನ ಖಾತೆ ಆಗಿದ್ದರೆ ಲಾಗಿನ್ ಮುಂದಕ್ಕೇ ಹೋಗುವುದಿಲ್ಲ. ಗೇಮರ್‌ಟ್ಯಾಗ್ ಕೊಡುವುದು ಮೈಕ್ರೋಸಾಫ್ಟ್‌ನದೇ ಆದ ಎಕ್ಸ್‌ಬಾಕ್ಸ್ ಸೇವೆ. ಆಫೀಸು ಅಥವಾ ಶಾಲೆ ಕೊಟ್ಟ ಮೈಕ್ರೋಸಾಫ್ಟ್ ಖಾತೆ ಅದಕ್ಕೆ ನಡೆಯುವುದಿಲ್ಲ. ಸ್ವಂತ ಖಾತೆಯೇ ಬೇಕು.

ಇದನ್ನು ತಪ್ಪಿಸಲು ಒಂದು ಸಣ್ಣ ಅಭ್ಯಾಸ ಸಾಕು. ಕೋಡ್ ಹಾಕುವ ಮುಂಚೆ ಬ್ರೌಸರ್‌ನಲ್ಲಿ ಖಾಸಗಿ ಕಿಟಕಿ ತೆರೆಯಿರಿ. ಕ್ರೋಮ್‌ನಲ್ಲಿ ಅದಕ್ಕೆ `Incognito` ಎಂದಿರುತ್ತದೆ. ಅಲ್ಲಿ ಹಳೆಯ ಲಾಗಿನ್ ಯಾವುದೂ ಇರುವುದಿಲ್ಲ, ಹಾಗಾಗಿ ಯಾರ ಖಾತೆ ಎಂದು ಪುಟ ಕೇಳಲೇಬೇಕು. ಲಿಂಕ್ ಆದಮೇಲೆ ಆಟದಲ್ಲಿ ಕಾಣುವ ಗೇಮರ್‌ಟ್ಯಾಗ್ ಅನ್ನು ಒಂದೊಂದೇ ಅಕ್ಷರ ಓದಿ ವಾಟ್ಸ್ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿ. ಕೆಲವು ಗೇಮರ್‌ಟ್ಯಾಗ್‌ಗಳ ಕೊನೆಯಲ್ಲಿ # ಮತ್ತು ಅಂಕಿಗಳು ಇರುತ್ತವೆ. ಆ ಅಂಕಿಗಳೂ ಹೆಸರಿನ ಭಾಗವೇ. ಅವನ್ನು ಬಿಟ್ಟರೆ ಅದೇ ಹೆಸರಿನ ಯಾರೋ ಅಪರಿಚಿತರು ಸಿಗುತ್ತಾರೆ.

ಪ್ಲೇಸ್ಟೇಷನ್ ಇರುವ ಮನೆಯವರಿಗೆ ಇಲ್ಲಿ ಒಂದು ಮಾತು. ಅಲ್ಲಿ ಲಿಂಕ್ ಮಾಡುವುದು ಇನ್ನೂ ಗಟ್ಟಿ ಕೆಲಸ. ಪ್ಲೇಸ್ಟೇಷನ್‌ನ ಖಾತೆಗೆ ಪಿಎಸ್‌ಎನ್ ಖಾತೆ ಎನ್ನುತ್ತಾರೆ. ಒಂದು ಪಿಎಸ್‌ಎನ್ ಖಾತೆಗೆ ಒಂದು ಮೈಕ್ರೋಸಾಫ್ಟ್ ಖಾತೆ, ಅಷ್ಟೇ. ಆ ಮೈಕ್ರೋಸಾಫ್ಟ್ ಖಾತೆ ಮೊದಲೇ ಬೇರೊಂದು ಪಿಎಸ್‌ಎನ್ ಖಾತೆಗೆ ಅಂಟಿಕೊಂಡಿದ್ದರೆ ಹೊಸದಕ್ಕೆ ಸೇರಿಸಲು ಹೋದಾಗ ಆಟ ಒಪ್ಪುವುದಿಲ್ಲ. ಅಣ್ಣನ ಹಳೆಯ ಪ್ಲೇಸ್ಟೇಷನ್ ಖಾತೆಗೆ ತಮ್ಮನ ಗೇಮರ್‌ಟ್ಯಾಗ್ "ಸುಮ್ನೆ ನೋಡೋಣ" ಎಂದು ಹಾಕಿದರೆ ಆಮೇಲೆ ಬಿಡಿಸುವುದು ತಲೆನೋವು. ಅಲ್ಲಿ ಪ್ರಯೋಗ ಮಾಡಬೇಡಿ. ಮೊದಲ ಸಲವೇ ಸರಿಯಾದ ಖಾತೆ ಹಾಕಿ.

ಅನುಮತಿ ಯಾರ ಕೈಯಲ್ಲಿದೆ?

ಈಗ ಹುಡುಗಿಯ ಸಂದೇಶಕ್ಕೆ ಬರೋಣ. ಖಾತೆ ಮಾಡುವಾಗ ಹುಟ್ಟಿದ ದಿನಾಂಕ ಕೇಳಿದ್ದು ನೆನಪಿದೆಯಲ್ಲ? ಅವಳ ವಯಸ್ಸು ನೋಡಿ ಮೈಕ್ರೋಸಾಫ್ಟ್ ಅದನ್ನು ಮಗುವಿನ ಖಾತೆ ಎಂದು ಗುರುತಿಸಿದೆ. ಮಗುವಿನ ಖಾತೆಯಲ್ಲಿ ಆನ್‌ಲೈನ್ ಬಾಗಿಲುಗಳು ಮೊದಲಿನಿಂದಲೇ ಮುಚ್ಚಿರುತ್ತವೆ. ಅವನ್ನು ಯಾರೂ ಮುಚ್ಚಿಲ್ಲ, ಯಾವುದೂ ಕೆಟ್ಟಿಲ್ಲ. ಹಿರಿಯರೊಬ್ಬರು ಬಂದು ತೆರೆಯಲಿ ಎಂದು ಅವು ಕಾಯುತ್ತಿವೆ.

ತೆರೆಯುವ ಹಿರಿಯರು ಯಾರಾದರೂ ಆಗುವ ಹಾಗಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಫ್ಯಾಮಿಲಿ ಗುಂಪು ಎಂದು ಇರುತ್ತದೆ. ಒಂದು ಗುಂಪಿನಲ್ಲಿ ಆರು ಜನರವರೆಗೆ ಇರಬಹುದು. ಅದರ ಪುಟ `account.microsoft.com/family`. ಆ ಗುಂಪಿನಲ್ಲಿ ಆರ್ಗನೈಸರ್ ಆಗಿರುವ ದೊಡ್ಡವರಿಗೆ ಮಾತ್ರ ಮಗುವಿನ ಸೆಟ್ಟಿಂಗ್ ಬದಲಿಸುವ ಹಕ್ಕು ಇರುತ್ತದೆ. ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಗೊತ್ತಿರುವ ಮಾಮನೋ ಚಿಕ್ಕಪ್ಪನೋ ಖಾತೆ ಮಾಡಿಕೊಟ್ಟಿರುತ್ತಾರೆ. ಹಾಗಾಗಿ ಆರ್ಗನೈಸರ್ ಮಾಮ ಆಗಿರುತ್ತಾರೆ, ಅಮ್ಮ ಆ ಗುಂಪಿನಲ್ಲೇ ಇರುವುದಿಲ್ಲ. ಅಮ್ಮ ಎಷ್ಟು ಹುಡುಕಿದರೂ ಮಗಳ ಹೆಸರು ಸಿಗುವುದಿಲ್ಲ. ಆಗ ಮಾಮನಿಗೆ ಫೋನ್ ಮಾಡಬೇಕು. ಅವರೇ ಸೆಟ್ಟಿಂಗ್ ಬದಲಿಸಬಹುದು. ಅಮ್ಮನನ್ನು ಗುಂಪಿಗೆ ಸೇರಿಸಿ ಆರ್ಗನೈಸರ್ ಮಾಡುವುದು ಇನ್ನೂ ಒಳ್ಳೆಯದು.

ಮಗು ಯಾವ ಗುಂಪಿನಲ್ಲೂ ಇಲ್ಲದಿರುವುದೂ ಉಂಟು. ತಾನೇ ಖಾತೆ ಮಾಡಿಕೊಂಡು, ನಿಜವಾದ ವಯಸ್ಸು ಹಾಕಿ, ಅಲ್ಲಿಗೇ ನಿಲ್ಲಿಸಿರುತ್ತದೆ. ಆಗ ಬಾಗಿಲು ಮುಚ್ಚಿದೆ, ಕೀಲಿ ಯಾರ ಹತ್ತಿರವೂ ಇಲ್ಲ. ಕಂಪ್ಯೂಟರ್‌ನಲ್ಲಿ ಆಟ ತೆರೆಯುವ ಕೆಲವು ಲಾಂಚರ್‌ಗಳಲ್ಲಿ ಇದು 2148916238 ಎಂಬ ಸಂಖ್ಯೆಯಾಗಿ ಕಾಣುತ್ತದೆ. ಮಗುವಿನ ಖಾತೆಯನ್ನು ದೊಡ್ಡವರೊಬ್ಬರು ಫ್ಯಾಮಿಲಿಗೆ ಸೇರಿಸದ ಹೊರತು ಮುಂದೆ ಹೋಗಲಾಗದು ಎಂಬುದೇ ಅದರ ಅರ್ಥ. ಅಮ್ಮ ತಮ್ಮ ಖಾತೆಯಿಂದ ಗುಂಪು ಮಾಡಿ, ಮಗಳ ಇಮೇಲ್‌ಗೆ ಆಹ್ವಾನ ಕಳಿಸಿ, ಮಗಳ ಕಡೆಯಿಂದ ಒಪ್ಪಿಕೊಂಡರೆ ಕೀಲಿ ಸಿಕ್ಕಂತೆ.

ಸೆಟ್ಟಿಂಗ್ ಇರುವ ಜಾಗ `account.xbox.com/settings`. ಇಲ್ಲಿ ಅಮ್ಮ ತಮ್ಮ ಖಾತೆಯಿಂದಲೇ ಲಾಗಿನ್ ಆಗಬೇಕು. ಮಗಳ ಖಾತೆಯಿಂದ ಹೋದರೆ ಸಾಲುಗಳು ಕಾಣುತ್ತವೆ, ಬದಲಿಸಲು ಮಾತ್ರ ಬರುವುದಿಲ್ಲ. ಅದನ್ನು ನೋಡಿ ಎಷ್ಟೋ ಪೋಷಕರು ಪುಟವೇ ಕೆಟ್ಟಿದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ತಮ್ಮ ಖಾತೆಯಿಂದ ಹೋಗಿ, ಪ್ರೈವೆಸಿ ಮತ್ತು ಆನ್‌ಲೈನ್ ಸೇಫ್ಟಿ ಭಾಗದಲ್ಲಿ ಮಗಳ ಹೆಸರು ಆರಿಸಬೇಕು.

ಅಲ್ಲಿ ಸಾಲುಗಳು ತುಂಬಾ ಇವೆ. ಎಲ್ಲವನ್ನೂ ತೆರೆಯಬೇಡಿ. ನಮ್ಮ ಕೆಲಸಕ್ಕೆ ಬೇಕಾದವು ಕೆಲವೇ. ಮಲ್ಟಿಪ್ಲೇಯರ್ ಆಟಕ್ಕೆ ಸೇರಬಹುದು ಎಂಬ ಸಾಲು. ಎಕ್ಸ್‌ಬಾಕ್ಸ್‌ನ ಆಚೆಗಿನವರ ಜೊತೆ ಆಡಬಹುದು ಎಂಬ ಸಾಲು. ಫ್ರೆಂಡ್ಸ್ ಸೇರಿಸಿಕೊಳ್ಳಬಹುದು ಎಂಬ ಸಾಲು. ಇವು ತೆರೆದಿರಬೇಕು. ಎರಡನೆಯದನ್ನು ಜನ ಬಿಟ್ಟುಬಿಡುತ್ತಾರೆ, ಏಕೆಂದರೆ ತಮ್ಮ ಮನೆಯಲ್ಲಿ ಎಕ್ಸ್‌ಬಾಕ್ಸೇ ಇಲ್ಲವಲ್ಲ ಅನಿಸುತ್ತದೆ. ಆದರೆ ಸ್ವಿಚ್‌ನಲ್ಲಿರುವ ಅಣ್ಣ ಈ ಲೆಕ್ಕದಲ್ಲಿ ಎಕ್ಸ್‌ಬಾಕ್ಸ್‌ನ ಆಚೆಯವನೇ. ಮಲ್ಟಿಪ್ಲೇಯರ್ ತೆರೆದು ಇದನ್ನು ಮುಚ್ಚಿಟ್ಟರೆ ಅವನ ಜೊತೆಗಿನ ಆಟ ಮಾತ್ರ ನಿಂತೇ ಇರುತ್ತದೆ.

ಇನ್ನೊಂದು ಸಾಲು ಎಲ್ಲಕ್ಕಿಂತ ಮುಖ್ಯ. ಪರದೆ ಮೇಲೆ ಅದು ಹೀಗೆ ಇರುತ್ತದೆ:

```
Others can communicate with voice, text, or invites
```

ಗಮನಿಸಿ ಓದಿ. ದನಿ, ಬರಹ, ಆಹ್ವಾನ, ಮೂರೂ ಒಂದೇ ಸಾಲಿನಲ್ಲಿವೆ. ಅಪರಿಚಿತರು ಮಗಳ ಜೊತೆ ಮಾತಾಡಬಾರದು ಎಂದು ಅಮ್ಮ ಈ ಸಾಲನ್ನು `Block` ಮಾಡಿರುತ್ತಾರೆ. ಅಮ್ಮನ ಯೋಚನೆ ಸರಿಯಾಗಿದೆ. ಆದರೆ ಅದರ ಜೊತೆಗೆ ಡಬ್ಲಿನ್‌ನಿಂದ ಬಂದ ಆಹ್ವಾನವೂ ಬಾಗಿಲಲ್ಲೇ ನಿಂತಿತು. ಅಣ್ಣನ ಕಡೆ "ಕಳಿಸಿದೆ" ಎಂದು ಕಾಣುತ್ತದೆ, ತಂಗಿಯ ಕಡೆ ಏನೂ ಬರುವುದಿಲ್ಲ. ಇಬ್ಬರೂ ನೆಟ್‌ವರ್ಕ್ ಅನ್ನು ಬಯ್ಯುತ್ತಾರೆ.

ಇದಕ್ಕೆ ನಡುವಿನ ದಾರಿ ಆ ಸಾಲಿನಲ್ಲೇ ಇದೆ. `Everybody` ಬೇಡ, `Block` ಕೂಡ ಬೇಡ, `Friends` ಎಂದು ಇಡಿ. ಆಗ ಪಟ್ಟಿಯಲ್ಲಿ ಇರುವವರ ಆಹ್ವಾನ ಮಾತ್ರ ತಲುಪುತ್ತದೆ. ಪಟ್ಟಿಯಲ್ಲಿ ಯಾರಿರಬೇಕು ಎಂಬುದನ್ನು ಅಮ್ಮ ಮಗಳು ಒಟ್ಟಿಗೆ ಕುಳಿತು ನೋಡಿಕೊಳ್ಳಬಹುದು. ನನ್ನ ಮಟ್ಟಿಗೆ 11 ವರ್ಷದ ಮಗುವಿಗೆ ಇದೇ ಸರಿಯಾದ ಜಾಗ. "ಆಟ ನಡೆಯಲಿ, ಎಲ್ಲ ತೆರೆದುಬಿಡಿ" ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ಅಣ್ಣನ ಜೊತೆ ಆಡಲು ಇಡೀ ಜಗತ್ತಿಗೆ ಬಾಗಿಲು ತೆರೆಯುವ ಅಗತ್ಯವೇ ಇಲ್ಲ.

ಎಲ್ಲ ಆರಿಸಿದ ಮೇಲೆ ಪುಟದ ಕೊನೆಗೆ ಹೋಗಿ `Submit` ಒತ್ತಬೇಕು. ಒತ್ತದೆ ಪುಟ ಮುಚ್ಚಿದರೆ ಏನೂ ಉಳಿಯುವುದಿಲ್ಲ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವ ಮುಂಚೆಯೂ ಇದನ್ನು ಒತ್ತಿ. ಸಾಲುಗಳ ಪದಗಳು ಆಗಾಗ ಸ್ವಲ್ಪ ಬದಲಾಗುತ್ತವೆ, ಆದ್ದರಿಂದ ಅರ್ಥ ಹಿಡಿದು ಹುಡುಕಿ.

ಬದಲಿಸಿದರೂ ಅದೇ ಸಂದೇಶ ಯಾಕೆ?

ಅಮ್ಮ ಎಲ್ಲ ಸರಿಯಾಗಿ ಮಾಡಿದ್ದಾರೆ. ಮಗಳು ಟ್ಯಾಬ್ ತೆಗೆದು ನೋಡಿದರೆ ಮತ್ತೆ ಅದೇ ಸಾಲು. ಇಲ್ಲಿಗೆ ಬಂದು ಸೋತು ಕೂರುವವರು ಬಹಳ. ಆದರೆ ಕಾರಣ ತುಂಬ ಸರಳ.

ವಿದ್ಯಾರ್ಥಿಯ ಬಸ್ ಪಾಸ್ ನೆನಪಿಸಿಕೊಳ್ಳಿ. ಯಾವ ಊರಿನಿಂದ ಯಾವ ಊರಿಗೆ ಎಂದು ಪಾಸ್ ಮೇಲೆ ಬರೆದಿರುತ್ತದೆ. ಕಂಡಕ್ಟರ್ ಡಿಪೋಗೆ ಫೋನ್ ಮಾಡಿ ಕೇಳುವುದಿಲ್ಲ, ಪಾಸ್ ನೋಡುತ್ತಾರೆ. ಕಚೇರಿಯ ದಾಖಲೆಯಲ್ಲಿ ನಿಮ್ಮ ದಾರಿ ಬದಲಾಗಿದ್ದರೂ ಕೈಯಲ್ಲಿರುವ ಪಾಸ್ ಹಳೆಯದಾದರೆ ಹಳೆಯ ದಾರಿಗೇ ಬೆಲೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದಾಗಲೂ ಆಟದ ಕೈಗೆ ಒಂದು ಪಾಸ್ ಸಿಗುತ್ತದೆ. ಅದಕ್ಕೆ ಟೋಕನ್ ಎನ್ನುತ್ತಾರೆ. ಈ ಆಟಗಾರರಿಗೆ ಮಲ್ಟಿಪ್ಲೇಯರ್ ಉಂಟೇ, ಮಾತುಕತೆ ಉಂಟೇ ಎಂಬುದು ಅದರಲ್ಲೇ ಬರೆದಿರುತ್ತದೆ. ಅಮ್ಮ ಸೆಟ್ಟಿಂಗ್ ಬದಲಿಸಿದಾಗ ದಾಖಲೆ ಬದಲಾಯಿತು. ಮಗಳ ಟ್ಯಾಬ್‌ನಲ್ಲಿ ಇರುವುದು ಬೆಳಗ್ಗೆ ಸಿಕ್ಕ ಹಳೆಯ ಪಾಸ್.

ಹಾಗಾಗಿ ಆಟದೊಳಗಿನ ಸೆಟ್ಟಿಂಗ್ಸ್‌ನಿಂದ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಔಟ್ ಆಗಿ, ಆಟ ಪೂರ್ತಿ ಮುಚ್ಚಿ, ಮತ್ತೆ ತೆರೆದು ಸೈನ್ ಇನ್ ಆಗಬೇಕು. ಆಟವನ್ನು ಸುಮ್ನೆ ಬದಿಗೆ ಸರಿಸಿ ಮತ್ತೆ ತೆರೆದರೆ ಸಾಲದು. ಆಟ ಅಳಿಸಿ ಹಾಕುವ ಅಗತ್ಯ ಇಲ್ಲ, ಅದು ಅಪಾಯವೂ ಹೌದು. ಟ್ಯಾಬ್‌ನಲ್ಲಿ ಮಗಳು ತಿಂಗಳುಗಟ್ಟಲೆ ಕಟ್ಟಿದ ಜಗತ್ತುಗಳು ಆ ಟ್ಯಾಬ್‌ನೊಳಗೇ ಇರುತ್ತವೆ. ಆಟ ಅಳಿಸಿದರೆ ಅವೂ ಹೋಗಬಹುದು. ಆ ಮಗುವಿನ ಅಳುವಿಗೆ ಆಮೇಲೆ ಪರಿಹಾರ ಇಲ್ಲ.

ಇನ್ನೂ ಅನುಮಾನ ಇದ್ದರೆ ಟ್ಯಾಬ್‌ನಲ್ಲಿ ಒಂದು ಪರೀಕ್ಷೆ ಮಾಡಬಹುದು. ಮಗಳನ್ನು ಸೈನ್ ಔಟ್ ಮಾಡಿ, ಅದೇ ಟ್ಯಾಬ್, ಅದೇ ವೈಫೈ ಇಟ್ಟುಕೊಂಡು ಅಮ್ಮ ತಮ್ಮ ಖಾತೆಯಿಂದ ಸೈನ್ ಇನ್ ಆಗಿ ನೋಡಲಿ. ಅಮ್ಮನಿಗೆ ಸಂದೇಶ ಬಾರದೆ ಸರ್ವರ್‌ಗಳ ಪುಟ ತೆರೆದರೆ ಟ್ಯಾಬ್ ಸರಿ, ವೈಫೈ ಸರಿ, ಮಗಳ ಅನುಮತಿಯಲ್ಲೇ ಏನೋ ಉಳಿದಿದೆ. ಅಮ್ಮನಿಗೂ ಆಗದಿದ್ದರೆ ಮಗಳ ಸೆಟ್ಟಿಂಗ್ ಅನ್ನು ಮತ್ತೆ ಮತ್ತೆ ಕೆದಕುವುದು ಬೇಡ, ನೆಟ್‌ವರ್ಕ್ ಅಥವಾ ಆಟದ ಆವೃತ್ತಿ ನೋಡಿ. ಈ ಪರೀಕ್ಷೆ ಮೊಬೈಲ್ ಮತ್ತು ಟ್ಯಾಬ್‌ಗೆ ಮಾತ್ರ. ಪ್ಲೇಸ್ಟೇಷನ್‌ನಲ್ಲಿ ಮಾಡಬೇಡಿ. ಮೇಲೆ ಹೇಳಿದ ಅಂಟಿನ ಸಮಸ್ಯೆ ನೆನಪಿದೆಯಲ್ಲ.

ಡಬ್ಲಿನ್‌ನಲ್ಲಿ ಇನ್ನೊಬ್ಬ ಕಾವಲುಗಾರ

ಹುಡುಗನ ಕಡೆ ಅಪ್ಪನ ಖಾತೆ ತೆಗೆದು ಅವನದೇ ಖಾತೆ ಹಾಕಿದ್ದಾಯಿತು. ಅವನ ದೊಡ್ಡವರು ಮೈಕ್ರೋಸಾಫ್ಟ್ ಪುಟದಲ್ಲಿ ಅನುಮತಿ ಕೊಟ್ಟಿದ್ದಾಯಿತು. ಆದರೂ ಅವನು ಸೇರಲು ಹೋದರೆ ತಡೆ. ಯಾಕೆ? ಸ್ವಿಚ್‌ಗೆ ತನ್ನದೇ ಕಾವಲು ಇದೆ. ಮೈಕ್ರೋಸಾಫ್ಟ್ ಒಪ್ಪಿದ್ದು ನಿಂಟೆಂಡೊಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಅದು ಕೇಳಬೇಕಾಗಿಲ್ಲ. ಎರಡೂ ಕಡೆ ಹೂಂ ಅನ್ನಬೇಕು. ಒಂದು ಕಡೆ ಉಹೂಂ ಅಂದರೆ ಉಹೂಂ.

ಮೊದಲು ಚಂದಾ. ಸ್ವಿಚ್‌ನಲ್ಲಿ ಮೈನ್‌ಕ್ರಾಫ್ಟ್ ಅನ್ನು ಆನ್‌ಲೈನ್ ಆಡಲು ನಿಂಟೆಂಡೊ ಸ್ವಿಚ್ ಆನ್‌ಲೈನ್ ಸದಸ್ಯತ್ವ ಬೇಕು. ಪ್ಲೇಸ್ಟೇಷನ್‌ನಲ್ಲಿ ಪಿಎಸ್ ಪ್ಲಸ್ ಬೇಕು. ಮೊಬೈಲ್, ಟ್ಯಾಬ್, ವಿಂಡೋಸ್‌ನಲ್ಲಿ ಅಂಥದ್ದೇನೂ ಬೇಡ. ಮೈಸೂರಿನವರಿಗೆ ಈ ಖರ್ಚು ಇಲ್ಲದ ಕಾರಣ ಡಬ್ಲಿನ್‌ನಲ್ಲಿ ಇದೊಂದು ಇರುತ್ತದೆ ಎಂದು ಹೊಳೆಯುವುದೇ ಇಲ್ಲ.

ಚಂದಾ ಇದ್ದೂ ಆಗದಿದ್ದರೆ ಪೇರೆಂಟಲ್ ಕಂಟ್ರೋಲ್ಸ್ ನೋಡಬೇಕು. ಸ್ವಿಚ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೂ ಅದು ಇದೆ, ಪೋಷಕರ ಮೊಬೈಲ್‌ಗೆಂದೇ ಒಂದು ಆ್ಯಪ್ ಕೂಡ ಇದೆ. ಅದರಲ್ಲಿ ಬೇರೆಯವರ ಜೊತೆ ಸಂಪರ್ಕಕ್ಕೆ ಸಂಬಂಧಿಸಿದ ನಿರ್ಬಂಧ ಒಂದಿದೆ. ಆ್ಯಪ್‌ನಲ್ಲಿ ಅದನ್ನು ಆಟದಿಂದ ಆಟಕ್ಕೆ ಬೇರೆ ಮಾಡಿ ಕೊಡಬಹುದು. ಮೈನ್‌ಕ್ರಾಫ್ಟ್‌ಗೆ ಮಾತ್ರ ಸಡಿಲಿಸಿ ಉಳಿದದ್ದನ್ನು ಹಾಗೇ ಬಿಡಬಹುದು. ಪ್ಲೇಸ್ಟೇಷನ್‌ನಲ್ಲೂ ಇಂಥದ್ದೇ ಏರ್ಪಾಡು ಇದೆ. ಅಲ್ಲಿ ಮಾತುಕತೆಯ ನಿರ್ಬಂಧ ಇರುವ ಮಗು ಒಂದು ಆಟಕ್ಕೆ ಮಾತ್ರ ಅನುಮತಿ ಕೇಳಬಹುದು, ಫ್ಯಾಮಿಲಿ ಮ್ಯಾನೇಜರ್ ಆದ ಪೋಷಕರು ಒಪ್ಪಬಹುದು.

ತಡೆ ಯಾವ ಕಾವಲುಗಾರನದು ಎಂದು ತಿಳಿಯುವುದು ಹೇಗೆ? ಸಂದೇಶದ ಮುಖ ನೋಡಿ. ಮೈನ್‌ಕ್ರಾಫ್ಟ್‌ನ ಚೌಕಚೌಕದ ಅಕ್ಷರದಲ್ಲಿ, ಆಟದ ಪರದೆಯೊಳಗೇ, ಮೈಕ್ರೋಸಾಫ್ಟ್ ಹೆಸರು ಹೇಳಿಕೊಂಡು ಬಂದರೆ ಅದು ಆ ಕಡೆಯದು. ಆಟ ಮಸುಕಾಗಿ, ಸ್ವಿಚ್‌ನ ಸ್ವಂತ ಅಕ್ಷರದಲ್ಲಿ ಪೆಟ್ಟಿಗೆ ಬಂದು ಪಿನ್ ಕೇಳಿದರೆ ಅದು ನಿಂಟೆಂಡೊ ಕಡೆಯದು. ಅದೇ ಸ್ವಿಚ್‌ನಲ್ಲಿ ಬೇರೆ ಆನ್‌ಲೈನ್ ಆಟ ನಡೆಯುತ್ತದೆಯೇ ಎಂದೂ ನೋಡಿ. ಅವೂ ನಿಂತಿದ್ದರೆ ನಿಂಟೆಂಡೊ ಕಡೆ ಹುಡುಕಿ. ಅವು ನಡೆದು ಮೈನ್‌ಕ್ರಾಫ್ಟ್ ಮಾತ್ರ ನಿಂತಿದ್ದರೆ, ಆ್ಯಪ್‌ನಲ್ಲಿ ಆ ಆಟಕ್ಕೆ ಪ್ರತ್ಯೇಕ ತಡೆ ಇಲ್ಲ ಎಂದು ಖಚಿತ ಮಾಡಿಕೊಂಡು, ಮತ್ತೆ ಮೈಕ್ರೋಸಾಫ್ಟ್ ಪುಟಕ್ಕೆ ಹೋಗಿ.

ಇಷ್ಟೊಂದು ಬೀಗ ಯಾಕೆ?

14 ವರ್ಷದ ಹುಡುಗನಿಗೂ ಯಾಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಎಂದು ಅವನೇ ಕೇಳಬಹುದು. ಅವನು ಅಮೆರಿಕದಲ್ಲಿ ಇದ್ದಿದ್ದರೆ ಮಕ್ಕಳ ಆನ್‌ಲೈನ್ ಖಾಸಗಿತನದ ಅಲ್ಲಿನ ಕಾನೂನು ಅವನನ್ನು ದಾಟಿಸಿಬಿಡುತ್ತಿತ್ತು. 1998ರ ಆ ಕಾನೂನಿನ ಗೆರೆ 13 ವರ್ಷ. ಐರ್ಲೆಂಡ್‌ನಲ್ಲಿ ಆ ಗೆರೆ 16. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ. ಒಂದೇ ಕುಟುಂಬದ ಮಕ್ಕಳು ಬೇರೆ ದೇಶಗಳಲ್ಲಿದ್ದಾಗ ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬಳಿಗೆ ಮುಚ್ಚಿರುವುದಕ್ಕೆ ಇಂಥ ವ್ಯತ್ಯಾಸವೂ ಒಂದು ಕಾರಣ.

ಕಂಪನಿಗಳು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಸ್ಥಿತಿಯಲ್ಲೂ ಇಲ್ಲ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಕ್ರಮ ತೆಗೆದುಕೊಂಡಿತು. ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ ದಂಡ 27.5 ಕೋಟಿ ಡಾಲರ್. ಮಕ್ಕಳಿಗೂ ದನಿ ಮತ್ತು ಬರಹದ ಚಾಟ್ ಮೊದಲಿನಿಂದಲೇ ತೆರೆದಿತ್ತು ಎಂಬುದು ಕಮಿಷನ್‌ನ ಆರೋಪಗಳಲ್ಲಿ ಒಂದು. 2023ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್‌ನ ಮಕ್ಕಳ ಖಾತೆಗಳ ವಿಷಯದಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಡಲು ಒಪ್ಪಿತು. ಪೋಷಕರ ಒಪ್ಪಿಗೆ ಸರಿಯಾಗಿ ಪಡೆಯದೆ ಮಕ್ಕಳ ಮಾಹಿತಿ ತೆಗೆದುಕೊಂಡಿತು ಎಂಬುದು ಅಲ್ಲಿನ ವಿಷಯ.

ಇದನ್ನೆಲ್ಲ ನೋಡಿ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ. ಹೊಸ ಖಾತೆ ಮಾಡಿ, 1995 ಎಂದು ಹುಟ್ಟಿದ ವರ್ಷ ಹಾಕಿಬಿಡುತ್ತಾರೆ. ಆಟ ತಕ್ಷಣ ನಡೆಯುತ್ತದೆ, ನಿಜ. ಆದರೆ ಆಗ `Friends` ಎಂಬ ಆ ನಡುವಿನ ದಾರಿಯ ಕೀಲಿ ಅಮ್ಮನ ಕೈತಪ್ಪುತ್ತದೆ. ಯಾರ ಸಂದೇಶ ಬರಬಹುದು, ಎಷ್ಟು ಹೊತ್ತು ಆಡಬಹುದು, ಎಷ್ಟು ದುಡ್ಡು ಖರ್ಚು ಮಾಡಬಹುದು ಎಂಬುದೆಲ್ಲ ಆ "ದೊಡ್ಡವರ" ಕೈಗೆ ಹೋಗುತ್ತದೆ. ಆ ದೊಡ್ಡವರು ನಿಜವಾಗಿ 11 ವರ್ಷದ ಹುಡುಗಿ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಕೆಲಸಕ್ಕೆ ಹಿಡಿಯುವುದು ಅರ್ಧ ಗಂಟೆ, ಅದೂ ಒಂದೇ ಸಲ.

ಕೊನೆಯ ಒಂದು ಗುಂಡಿ

ಈಗ ಇಬ್ಬರೂ ಸರಿಯಾದ ಖಾತೆಯಲ್ಲಿ ಇದ್ದಾರೆ, ಎಲ್ಲ ಕಾವಲೂ ಒಪ್ಪಿದೆ, ಸೈನ್ ಔಟ್ ಮಾಡಿ ಮತ್ತೆ ಬಂದಿದ್ದಾರೆ. ಅಣ್ಣ ತಂಗಿಯ ಗೇಮರ್‌ಟ್ಯಾಗ್ ಹುಡುಕಿ ಸೇರಿಸಿದ. ತಂಗಿಯೂ ಅವನನ್ನು ಸೇರಿಸಿಕೊಂಡಳು. ಇಬ್ಬರೂ ಸೇರಿಸಿಕೊಳ್ಳುವುದು ಮುಖ್ಯ, ಒಂದು ಕಡೆ ಮಾತ್ರ ಮಾಡಿದರೆ ಸಾಲದು.

ಆದರೂ ತಂಗಿಯ ಜಗತ್ತು ಅಣ್ಣನಿಗೆ ಕಾಣದಿದ್ದರೆ ಅವಳ ಆ ಜಗತ್ತಿನದೇ ಸೆಟ್ಟಿಂಗ್ ತೆರೆಯಿರಿ. ಅಲ್ಲಿ ಮಲ್ಟಿಪ್ಲೇಯರ್ ಭಾಗದಲ್ಲಿ `Multiplayer Game` ಎಂಬ ಗುಂಡಿ ಇದೆ. ಅದು ಆಫ್ ಇದ್ದರೆ ಖಾತೆಗೆ ಎಷ್ಟೇ ಅನುಮತಿ ಇದ್ದರೂ ಆ ಒಂದು ಜಗತ್ತಿಗೆ ಯಾರೂ ಬರಲಾಗದು. ಆನ್ ಮಾಡಿ, ಕೆಳಗೆ ಯಾರು ಸೇರಬಹುದು ಎಂದು ಕೇಳುವಲ್ಲಿ ಫ್ರೆಂಡ್ಸ್ ಮಾತ್ರ ಎಂದು ಆರಿಸಿ. ಫ್ರೆಂಡ್ಸ್‌ನ ಫ್ರೆಂಡ್ಸ್ ಎಂಬ ಆಯ್ಕೆಯೂ ಅಲ್ಲೇ ಇರುತ್ತದೆ. ಅಣ್ಣನ ಡಬ್ಲಿನ್ ಶಾಲೆಯ ಗೆಳೆಯರು ಅಮ್ಮನಿಗೆ ಗೊತ್ತಿಲ್ಲದಿದ್ದರೆ ಅದನ್ನು ಆರಿಸಬೇಡಿ. ಈ ಜಗತ್ತು ಇರುವುದು ಅವಳ ಟ್ಯಾಬ್‌ನಲ್ಲೇ, ಆದ್ದರಿಂದ ಅವಳು ಒಳಗೆ ಇರುವಷ್ಟು ಹೊತ್ತು ಮಾತ್ರ ಅಣ್ಣನೂ ಅಲ್ಲಿರಬಹುದು. ರಾತ್ರಿ ಊಟಕ್ಕೆ ಕರೆದಾಗ ಅವಳು ಆಟ ಮುಚ್ಚಿದರೆ ಡಬ್ಲಿನ್‌ನಲ್ಲೂ ಅದು ಮುಚ್ಚುತ್ತದೆ. ಹೊರಡುವ ಮುಂಚೆ ಅವನಿಗೆ ಒಂದು ಮಾತು ಹೇಳಲಿ.